ಹಳೆಯ ಯಂತ್ರವೋ, ಹೊಸ ಯಂತ್ರವೋ?

(ಯಶವಂತಪುರದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣ)



ಗಿರಣಿಯ ಕೆಲಸ ಮುಗಿಸಿ ಹೊರಗೆ ಬಂದವನ ಕೈಗೆ ಜೀವಮಾನದಲ್ಲಿ ಒಂದೇ ಸಲ ದೊಡ್ಡ ಮೊತ್ತ ಬರುತ್ತದೆ. ಭವಿಷ್ಯನಿಧಿಯ ಹಣ, ಗ್ರಾಚುಯಿಟಿಯ ಹಣ. ಅಂಥವರು ಇಬ್ಬರು ಸೇರಿ, ಮಾರುಕಟ್ಟೆಯ ಒಳಹೊರಗು ಬಲ್ಲ ಒಬ್ಬ ಅಂಗಡಿಯವರನ್ನು ಜೊತೆಗೆ ಕರೆದುಕೊಂಡು, "ಮೆಣಸಿನ ಪುಡಿ, ಸಾಂಬಾರ ಪುಡಿ ಮಾಡಿ ಮಾರೋಣ" ಎಂದು ಹೊರಡುವುದು ನಮ್ಮ ಕಡೆ ಹೊಸ ಸಂಗತಿಯೇನೂ ಅಲ್ಲ. ಹೊರಡುವುದಕ್ಕೆ ಕಾರಣವೂ ಇದೆ. ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆ ಇಲ್ಲೇ ಇದೆ; ಬ್ಯಾಡಗಿಯ ಮೆಣಸಿನಕಾಯಿಯೂ ಗುಂಟೂರಿನ ಮೆಣಸಿನಕಾಯಿಯೂ ನಮ್ಮ ಬಾಗಿಲಿಗೇ ಬರುತ್ತದೆ. ಕೊಳ್ಳುವವರು ಹೆಬ್ಬಾಳದಲ್ಲಿದ್ದಾರೆ, ಆರ್.ಟಿ. ನಗರದಲ್ಲಿದ್ದಾರೆ, ಯಲಹಂಕದಲ್ಲಿದ್ದಾರೆ. ಯಂತ್ರ ಮಾಡುವವರೂ ರಿಪೇರಿ ಮಾಡುವವರೂ ಪಕ್ಕದ ಪೀಣ್ಯದಲ್ಲಿದ್ದಾರೆ. ಸರಕು, ಗಿರಾಕಿ, ಕಸಬುದಾರ ಮೂವರೂ ಕೈಗೆಟಕುವ ದೂರದಲ್ಲಿದ್ದಾರೆ.

ಎಲ್ಲವೂ ಸರಿಯಾಗಿದ್ದು, ಮೊದಲನೆಯ ಮೆಟ್ಟಿಲಿನಲ್ಲೇ ಒಂದು ಪ್ರಶ್ನೆ ಅಡ್ಡ ನಿಲ್ಲುತ್ತದೆ. ಪುಡಿ ಮಾಡುವ ಯಂತ್ರವನ್ನು, ಅಂದರೆ ಪಲ್ವರೈಸರನ್ನು, ಹೊಸದಾಗಿ ಕೊಳ್ಳುವುದೋ, ಯಾರೋ ಬಳಸಿ ಬಿಟ್ಟದ್ದನ್ನು ಅರ್ಧ ಬೆಲೆಗೆ ತರುವುದೋ? ಈ ಒಂದು ಪ್ರಶ್ನೆಯನ್ನೇ ಇವತ್ತು ಬಿಡಿಸಿ ನೋಡೋಣ. ಇದರಲ್ಲಿ ತಪ್ಪಿದವರ ಹಣ ಗುಜರಿಯ ತೂಕಕ್ಕೆ ಹೋಗುತ್ತದೆ. ಆ ಹಣ ಮತ್ತೊಮ್ಮೆ ಬರುವಂಥದಲ್ಲ.

ನಮ್ಮಲ್ಲಿ ಕಾರ್ಖಾನೆಯಲ್ಲಿ ದುಡಿದವರಿಗೆ ಹಳೆಯ ಯಂತ್ರದ ಮೇಲೆ ಒಂದು ಗೌರವವಿದೆ. ಅದು ಸಹಜ. ಜಾಲಹಳ್ಳಿಯ ಎಚ್.ಎಂ.ಟಿ. ಕಾರ್ಖಾನೆ 1953ರಲ್ಲಿ ಹುಟ್ಟಿತು. ಅಲ್ಲಿ ತಯಾರಾದ ಲೇತುಗಳು ಕಾರ್ಖಾನೆಯ ಒಳ್ಳೆಯ ದಿನಗಳು ಮುಗಿದ ಮೇಲೂ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಓಡುತ್ತಲೇ ಬಂದಿವೆ. ಹಳೆಯದಾದರೂ ಅದನ್ನು ಕೇಳಿಕೊಂಡು ಬರುವವರಿದ್ದಾರೆ. ಆದರೆ ಆ ಲೇತಿನ ನ್ಯಾಯವನ್ನು ಪಲ್ವರೈಸರಿಗೆ ಹಚ್ಚಬಾರದು. ಲೇತಿನ ಅಡಿಪಾಯ ಭಾರಿ ಎರಕದ ಕಬ್ಬಿಣ. ಸವೆದರೆ ಮತ್ತೆ ಕೆರೆದು ಮಟ್ಟ ಮಾಡಬಹುದು. ಅದಕ್ಕೊಂದು ಹೆಸರಿದೆ, ಅಳತೆಯಿದೆ, ಬಿಡಿಭಾಗ ಇಂಥದೇ ಎಂದು ಹೇಳಬಹುದು. ನಾವು ಕೊಳ್ಳಲು ಹೊರಟ ಪಲ್ವರೈಸರು ಸಾಮಾನ್ಯವಾಗಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ತಗಡು ಕತ್ತರಿಸಿ ಬೆಸುಗೆ ಹಾಕಿ ಕಟ್ಟಿದ್ದು. ಕಟ್ಟಿದವನು ಅಂಗಡಿ ಮುಚ್ಚಿದ್ದರೆ ಅದರ ಅಳತೆ ಯಾರ ಹತ್ತಿರವೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಲೇತು ಕಬ್ಬಿಣವನ್ನು ತಿರುಗಿಸುತ್ತದೆ. ಪಲ್ವರೈಸರು ಜನ ತಿನ್ನುವ ವಸ್ತುವನ್ನು ಬಡಿಯುತ್ತದೆ. ಅದು ಸವೆದಾಗ ಸವೆದದ್ದು ಎಲ್ಲಿಗೆ ಹೋಗುತ್ತದೆ? ಪುಡಿಯೊಳಕ್ಕೆ ಹೋಗುತ್ತದೆ.

ಹಾಗಾದರೆ ಯಂತ್ರದ ಒಳಗೆ ಏನಿದೆ ಎಂದು ಮೊದಲು ನೋಡಿಬಿಡೋಣ. ಒಂದು ದುಂಡನೆಯ ಕೋಣೆ. ಅದರ ನಡುವೆ ಒಂದು ಶಾಫ್ಟು. ಶಾಫ್ಟಿಗೆ ಸುತ್ತಿಗೆಯಂಥ ಬೀಟರುಗಳು ಸಿಕ್ಕಿಕೊಂಡಿರುತ್ತವೆ. ಮೋಟಾರು ಬೆಲ್ಟಿನ ಮೂಲಕ ಶಾಫ್ಟನ್ನು ಜೋರಾಗಿ ತಿರುಗಿಸುತ್ತದೆ, ಬೀಟರು ಮೆಣಸಿನಕಾಯಿಯನ್ನು ಬಡಿದು ಒಡೆಯುತ್ತದೆ. ಕೆಳಗೊಂದು ತೂತಿನ ಜಾಲರಿ. ನುಣ್ಣಗಾದದ್ದು ಅದರಿಂದ ಇಳಿಯುತ್ತದೆ, ಆಗದ್ದು ಒಳಗೇ ಸುತ್ತಿ ಮತ್ತೆ ಏಟು ತಿನ್ನುತ್ತದೆ. ಇಷ್ಟೇ.

ಹೊಸ ಬೀಟರಿನ ಅಂಚು ಚೌಕವಾಗಿರುತ್ತದೆ. ಕೆಲಸ ಮಾಡಿದಂತೆಲ್ಲ ಆ ಅಂಚು ದುಂಡಗಾಗುತ್ತದೆ. ಆಗ ಅದು ಮೆಣಸಿನಕಾಯಿಯನ್ನು ಒಡೆಯುವುದಕ್ಕಿಂತ ಹೆಚ್ಚಾಗಿ ತಿಕ್ಕುತ್ತದೆ. ತಿಕ್ಕಿದರೆ ಬಿಸಿಯೇರುತ್ತದೆ. ಬಿಸಿಯಾದ ಮೆಣಸಿನ ಪುಡಿ ಬಣ್ಣ ಕಳೆದುಕೊಳ್ಳುತ್ತದೆ, ಘಮ ಕಳೆದುಕೊಳ್ಳುತ್ತದೆ. ಬಿಸಿಯಲ್ಲೇ ಪೊಟ್ಟಣ ಕಟ್ಟಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಹೆಚ್ಚು ಬೆಲೆ ಕೊಟ್ಟು ತರುವುದು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣವನ್ನೇ ಸವೆದ ಯಂತ್ರದಲ್ಲಿ ಸುಟ್ಟುಕೊಂಡರೆ, ಯಂತ್ರದಲ್ಲಿ ಉಳಿಸಿದ ಹಣವನ್ನು ಮೆಣಸಿನಕಾಯಿಯಲ್ಲಿ ಕಳೆದಂತೆ ಆಯಿತು.

ಈಗ ಹಣದ ಲೆಕ್ಕಕ್ಕೆ ಬರೋಣ. ಅಂಕಿಗಳನ್ನು ಲೆಕ್ಕದ ಅನುಕೂಲಕ್ಕೆ ನಾವೇ ಹಿಡಿದುಕೊಂಡಿದ್ದೇವೆ. ನೀವು ಮಾಡುವಾಗ ನಿಮ್ಮ ಕೈಗೆ ಬಂದ ದರಪಟ್ಟಿಯ ಅಂಕಿಗಳನ್ನು ಅದೇ ಜಾಗದಲ್ಲಿ ಬರೆದುಕೊಳ್ಳಿ, ದಾರಿ ಬದಲಾಗುವುದಿಲ್ಲ.

ದಿನಕ್ಕೆ 100 ಕಿಲೋ ಪುಡಿ ಮಾಡುವ ಮೂವರು ಪಾಲುದಾರರು. ತಿಂಗಳಿಗೆ 25 ದಿನದ ಕೆಲಸ. ಬೇಕಾದದ್ದು 10 ಎಚ್.ಪಿ.ಯ ಸ್ಟೇನ್‌ಲೆಸ್ ಸ್ಟೀಲಿನ ಪಲ್ವರೈಸರು. ಹೊಸದಕ್ಕೆ ತೆರಿಗೆ ಸೇರಿ 1,20,000 ರೂಪಾಯಿ, ಸಾಗಿಸಿ ನಿಲ್ಲಿಸುವುದಕ್ಕೆ 5,000, ಒಟ್ಟು 1,25,000. ಹಳೆಯದಕ್ಕೆ ಮಾರುವವನು ಹೇಳಿದ ಬೆಲೆ 55,000. ನೋಡಿದ ಕೂಡಲೆ 70,000 ಉಳಿಯಿತು ಅನ್ನಿಸುತ್ತದೆ.

ಉಳಿಯಲಿಲ್ಲ. ಹಳೆಯದನ್ನೂ ಸಾಗಿಸಿ ನಿಲ್ಲಿಸಬೇಕು, 5,000. ಬೀಟರಿನ ಒಂದು ಪೂರ್ತಿ ಸೆಟ್ಟು ಮತ್ತು ಜಾಲರಿಗಳು, 7,000. ಎರಡೂ ಕಡೆಯ ಬೇರಿಂಗು, ಬೆಲ್ಟು, 4,000. ಮೋಟಾರಿನ ವೈಂಡಿಂಗ್ ಹೊಸದಾಗಿ ಕಟ್ಟಿಸುವುದು, 8,000. ಸ್ಟಾರ್ಟರು ಮತ್ತು ಬೆಲ್ಟಿನ ಮೇಲಿನ ಕಾವಲು ಜಾಲರಿ, 6,000. ಇವೆಲ್ಲ ಸೇರಿ 30,000. ಅಲ್ಲಿಗೆ ಹಳೆಯ ಯಂತ್ರ 85,000ಕ್ಕೆ ಬಂದು ನಿಂತಿತು. ಉಳಿದದ್ದು 40,000 ಮಾತ್ರ. ಈ 40,000ವನ್ನು ಹಳೆಯ ಯಂತ್ರ ನಮ್ಮ ಕೈಯಲ್ಲೇ ಇಡುತ್ತದೆಯೋ, ತಿಂಗಳು ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ ವಾಪಸು ತೆಗೆದುಕೊಳ್ಳುತ್ತದೆಯೋ ಎಂಬುದೇ ನಿಜವಾದ ಪ್ರಶ್ನೆ.

ಹೊಸ ಯಂತ್ರ ಗಂಟೆಗೆ 40 ಕಿಲೋ ಇಳಿಸುತ್ತದೆ ಎನ್ನೋಣ. 100 ಕಿಲೋಗೆ ಎರಡೂವರೆ ಗಂಟೆ. ಹಳೆಯದು ಗಂಟೆಗೆ 30 ಕಿಲೋ ಇಳಿಸಿದರೆ ಮೂರು ಗಂಟೆ ಇಪ್ಪತ್ತು ನಿಮಿಷ. ದಿನಕ್ಕೆ 50 ನಿಮಿಷ ಹೆಚ್ಚು. ಈ ಮೋಟಾರು ಗಂಟೆಗೆ ಸುಮಾರು 7 ಯೂನಿಟ್ ಕರೆಂಟು ತಿನ್ನುತ್ತದೆ ಎನ್ನೋಣ. 50 ನಿಮಿಷಕ್ಕೆ ಸುಮಾರು 6 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 48 ರೂಪಾಯಿ. ಯಂತ್ರದ ಮುಂದೆ ನಿಂತವರ ಕೂಲಿ ಗಂಟೆಗೆ 80 ಎಂದರೆ 50 ನಿಮಿಷಕ್ಕೆ ಸುಮಾರು 67. ದಿನಕ್ಕೆ 115, ತಿಂಗಳಿಗೆ ಸುಮಾರು 2,900 ರೂಪಾಯಿ. ಹದಿನಾಲ್ಕು ತಿಂಗಳಲ್ಲಿ ಆ 40,000 ಪೂರ್ತಿ ಕರಗಿತು. ಹದಿನೈದನೆಯ ತಿಂಗಳಿಂದ ಹಳೆಯ ಯಂತ್ರವೇ ದುಬಾರಿ. ನಡುವೆ ಯಂತ್ರ ಕೆಟ್ಟು ನಿಂತ ಒಂದೊಂದು ದಿನಕ್ಕೂ, ಕಿಲೋಗೆ 20 ರೂಪಾಯಿ ಲಾಭವಿದ್ದರೆ, 2,000 ಹೋಯಿತು ಎಂದು ಬೇರೆಯಾಗಿ ಬರೆದುಕೊಳ್ಳಿ.

ಇದನ್ನು ಕೇಳಿ "ಹಾಗಾದರೆ ಹಳೆಯದು ಬೇಡವೇ ಬೇಡ" ಎಂದು ತೀರ್ಮಾನಿಸಬೇಡಿ. ಅದೇ ಹಳೆಯ ಯಂತ್ರ ಗಂಟೆಗೆ 38 ಕಿಲೋ ಇಳಿಸಿದರೆ ವ್ಯತ್ಯಾಸ ದಿನಕ್ಕೆ ಎಂಟು ನಿಮಿಷ. ಆಗ 40,000ದ ಬಹುಭಾಗ ನಮ್ಮಲ್ಲೇ ಉಳಿಯುತ್ತದೆ. ಆ ಹಣಕ್ಕೆ ಮೆಣಸಿನಕಾಯಿ ತುಂಬಿಡಬಹುದು. ಅಂದಮೇಲೆ ತೀರ್ಪು ಹಳೆಯದು ಹೊಸದು ಎಂಬ ಹೆಸರಿನಲ್ಲಿಲ್ಲ. ಗಂಟೆಗೆ ಎಷ್ಟು ಕಿಲೋ ಎಂಬುದರಲ್ಲಿದೆ. ಅದನ್ನು ಕೊಳ್ಳುವ ಮೊದಲೇ ಅಳೆದು ನೋಡಬಹುದು.

ಅಳೆಯುವುದು ಹೀಗೆ. ಮಾರುವವನ ಶೆಡ್ಡಿಗೆ ಬರಿಗೈಲಿ ಹೋಗಬೇಡಿ. ಎರಡನೆಯ ದರ್ಜೆಯ ಒಣ ಮೆಣಸಿನಕಾಯಿ 20 ಕಿಲೋ ಜೊತೆಗೆ ಒಯ್ಯಿರಿ. ಅದು ಚೆನ್ನಾಗಿ ಒಣಗಿರಲಿ. ಹಸಿಯಿದ್ದರೆ ಯಾವ ಯಂತ್ರವೂ ಸೋಲುತ್ತದೆ, ಆಮೇಲೆ ತಪ್ಪು ಯಂತ್ರದ್ದೋ ಕಾಯಿಯದ್ದೋ ತಿಳಿಯುವುದಿಲ್ಲ. ನೀವು ಮಾರುವ ಪುಡಿಗೆ ಬೇಕಾದ ನುಣುಪಿನ ಜಾಲರಿಯನ್ನೇ ಹಾಕಿಸಿ. ದೊಡ್ಡ ತೂತಿನ ಜಾಲರಿ ಹಾಕಿ ಬೇಗ ಇಳಿಸಿ ತೋರಿಸುವುದು ಹಳೆಯ ಚಾಳಿ. ಯಂತ್ರವನ್ನು ಹತ್ತು ನಿಮಿಷ ಬರಿದೆ ಓಡಿಸಿ, ಆಮೇಲೆ ಗಡಿಯಾರ ನೋಡಿ ಸುರಿಯಿರಿ. 20 ಕಿಲೋ 30 ನಿಮಿಷದಲ್ಲಿ ಮುಗಿದರೆ ಅದು ಗಂಟೆಗೆ 40ರ ಯಂತ್ರ. 40 ನಿಮಿಷ ಹಿಡಿದರೆ ಅದು 30ರ ಯಂತ್ರ. ಮುಗಿದ ಮೇಲೆ ಪುಡಿಯನ್ನು ತೂಗಿ. ಸ್ವಲ್ಪ ಕಡಿಮೆ ಬರುವುದು ಸಹಜ. ಬಹಳ ಕಡಿಮೆ ಬಂದರೆ ಪುಡಿ ಎಲ್ಲೋ ಸೋರುತ್ತಿದೆ ಅಥವಾ ಒಳಗೆ ಸಿಕ್ಕಿಕೊಳ್ಳುತ್ತಿದೆ. ಈ ಪುಡಿಯನ್ನು ಮಾರಬೇಡಿ. ಬೇರೆಯವರ ಯಂತ್ರದೊಳಗೆ ಏನಿತ್ತೋ ನಮಗೆ ತಿಳಿಯದು. ಪರೀಕ್ಷೆಗೆ ಹೋದ ಹಣ ಕೆಲವು ಸಾವಿರ; ಅದು ಕಾಯುವ ಹಣ ಅದರ ಹತ್ತಾರು ಪಾಲು.

ಓಡುತ್ತಿರುವಾಗ ಇಳಿಯುವ ಪುಡಿಗೆ ಒಂದು ಸಾದಾ ಥರ್ಮಾಮೀಟರು ಚುಚ್ಚಿ ನೋಡಿ. ಐದನೆಯ ನಿಮಿಷಕ್ಕೊಮ್ಮೆ, ಇಪ್ಪತ್ತನೆಯ ನಿಮಿಷಕ್ಕೊಮ್ಮೆ, ಕೊನೆಗೊಮ್ಮೆ. ಬಿಸಿ ಒಂದು ಮಟ್ಟಕ್ಕೆ ಏರಿ ನಿಂತರೆ ಸರಿ. ಏರುತ್ತಲೇ ಹೋದರೆ ಒಳಗೆ ಒಡೆಯುತ್ತಿಲ್ಲ, ತಿಕ್ಕುತ್ತಿದೆ ಎಂದು ಅರ್ಥ. ಆಮೇಲೆ ಒಂದು ಬಲವಾದ ಅಯಸ್ಕಾಂತವನ್ನು ತೆಳುವಾದ ಬಿಳಿ ಕಾಗದದಲ್ಲಿ ಸುತ್ತಿ ಪುಡಿಯಲ್ಲಿ ಆಡಿಸಿ. ಕಾಗದಕ್ಕೆ ಕಪ್ಪು ಕಣಗಳು ಅಂಟಿದರೆ ಅದು ಕಬ್ಬಿಣ. ನಮ್ಮ ಗಿರಾಕಿಯ ಹೊಟ್ಟೆಗೆ ಹೋಗುತ್ತಿದ್ದ ಕಬ್ಬಿಣ.

ಪರೀಕ್ಷೆಯಲ್ಲಿ ನಿಧಾನವಾಯಿತು ಎನ್ನೋಣ. ಆಗ ಯಂತ್ರ ನಿಲ್ಲಿಸಿ, ಮೆಯಿನ್ ಸ್ವಿಚ್ಚು ತೆಗೆಸಿ, ಕೋಣೆ ಬಿಚ್ಚಿಸಿ. ಬೀಟರಿನ ಅಂಚು ಒಂದು ಕಡೆ ಮಾತ್ರ ಸವೆದಿದ್ದರೆ ಅನೇಕ ಯಂತ್ರಗಳಲ್ಲಿ ಅದನ್ನು ತಿರುಗಿಸಿ ಹಾಕಿ ಇನ್ನೊಂದು ಅಂಚನ್ನು ಬಳಸಬಹುದು. ಎರಡೂ ಕಡೆ ಸವೆದಿದ್ದರೆ ಪೂರ್ತಿ ಸೆಟ್ಟು ಬದಲಿಸಬೇಕು. ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಒಂದೋ ಎರಡೋ ಬೀಟರನ್ನು ಮಾತ್ರ ಬದಲಿಸಬಾರದು. ಹೊಸದರ ತೂಕ ಬೇರೆ, ಸವೆದದ್ದರ ತೂಕ ಬೇರೆ. ಜೋರಾಗಿ ತಿರುಗುವಾಗ ಆ ತೂಕದ ವ್ಯತ್ಯಾಸ ಇಡೀ ಯಂತ್ರವನ್ನು ಅಲುಗಿಸುತ್ತದೆ, ಹೊಸ ಬೇರಿಂಗನ್ನೂ ಬೇಗನೆ ತಿಂದುಹಾಕುತ್ತದೆ. ಹಳೆಯ ಯಂತ್ರದಲ್ಲಿ ಹೊಸ ಬೀಟರು ಹಳೆಯದು ಬೆರೆತಿದ್ದರೆ ಅದನ್ನು ನೋಡಿಕೊಂಡವನು ಹೇಗೆ ನೋಡಿಕೊಂಡಿದ್ದ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಬೆಲ್ಟು ತೆಗೆಸಿ ಶಾಫ್ಟನ್ನು ಕೈಯಿಂದ ತಿರುಗಿಸಿ ಬಿಡಿ. ಅದು ಸರಾಗವಾಗಿ ಸುತ್ತಿ, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಲ್ಲಬೇಕು. ಪ್ರತಿ ಸಲವೂ ಒಂದೇ ಕಡೆ ಕೆಳಕ್ಕೆ ಬಂದು ನಿಂತರೆ ತೂಕ ಸಮನಾಗಿಲ್ಲ. ಗರಗರ ಸದ್ದು ಬಂದರೆ, ಶಾಫ್ಟನ್ನು ಮೇಲೆ ಕೆಳಗೆ ಎತ್ತಿದಾಗ ಆಡಿದರೆ, ಬೇರಿಂಗು ಹೋಗಿದೆ. ಬೇರಿಂಗು ಹೋದರೆ ಬದಲಿಸಬಹುದು. ಬೇರಿಂಗು ಕೂರುವ ಜಾಗದಲ್ಲಿ ಶಾಫ್ಟೇ ಸವೆದಿದ್ದರೆ ಅದು ದೊಡ್ಡ ಖರ್ಚು. ಹೊಸ ಬೀಟರು, ಹೊಸ ಜಾಲರಿ ಹಾಕಿಸಿ ಮತ್ತೊಮ್ಮೆ 20 ಕಿಲೋ ಪರೀಕ್ಷೆ ಮಾಡಿಸಲು ಮಾರುವವನು ಒಪ್ಪಿದರೆ ಅದರ ಖರ್ಚು ನಾವೇ ಹಾಕಿದರೂ ನಷ್ಟವಿಲ್ಲ. ಆಗಲೂ ಯಂತ್ರ ನಿಧಾನವಾದರೆ ಕೋಣೆಯ ಗೋಡೆಯೇ ಸವೆದು ಬೀಟರಿಗೂ ಗೋಡೆಗೂ ನಡುವೆ ಅಂತರ ಬೆಳೆದಿದೆ, ಅಥವಾ ಮೋಟಾರು ಸೋತಿದೆ. ಮೊದಲನೆಯದಾದರೆ ಅಲ್ಲಿಂದ ಎದ್ದು ಬನ್ನಿ.

ಮೋಟಾರನ್ನು ನೋಡುವುದು ಎಲೆಕ್ಟ್ರಿಷಿಯನ್ನನ ಕೆಲಸ, ಕಣ್ಣಿನ ಕೆಲಸವಲ್ಲ. ಹೊಸ ಬಣ್ಣ ಬಳಿದ ಮೋಟಾರಿನ ಹೊಟ್ಟೆಯಲ್ಲಿ ಸುಟ್ಟ ತಂತಿ ಇರಬಹುದು. ಆತ ಮೆಗ್ಗರ್ ಹಚ್ಚಿ ವೈಂಡಿಂಗಿಗೂ ಮೋಟಾರಿನ ಮೈಗೂ ನಡುವಿನ ನಿರೋಧ ನೋಡಲಿ. ಒಂದು ಮೆಗ್‌ಓಮಿಗಿಂತ ಕಡಿಮೆಯಿದ್ದರೆ ಕೈ ಹಾಕಬೇಡಿ, ಅಥವಾ ವೈಂಡಿಂಗ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆಮೇಲೆ ಯಂತ್ರವನ್ನು ಬರಿದೆ ಓಡಿಸಿ ಮೂರು ಫೇಸಿಗೂ ಟಾಂಗ್ ಟೆಸ್ಟರ್ ಹಿಡಿಯಲಿ. ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕು. 10 ಎಚ್.ಪಿ. ಮೋಟಾರು ತುಂಬು ಕೆಲಸದಲ್ಲಿ ಸುಮಾರು 14 ಆಂಪಿಯರ್ ಎಳೆಯುತ್ತದೆ; ಬರಿದೆ ಓಡುವಾಗಲೇ ಅದರ ಹತ್ತಿರ ಹತ್ತಿರ ಎಳೆದರೆ ಒಳಗೆ ಕಾಯಿಲೆಯಿದೆ. ಮೋಟಾರು ಮಾತ್ರ ಕೆಟ್ಟಿದ್ದು ಉಳಿದದ್ದೆಲ್ಲ ಚೆನ್ನಾಗಿದ್ದರೆ ಹೊಸ ಮೋಟಾರು ಹಾಕಿಸಬಹುದು. ಆದರೆ ಅದಕ್ಕೆ 30,000 ಹಿಡಿದು ಲೆಕ್ಕ ನೋಡಿ: ವೈಂಡಿಂಗಿನ 8,000 ಕಳೆದರೂ ಹಳೆಯ ಯಂತ್ರ 1,07,000ಕ್ಕೆ ಬಂತು. ಹೊಸದಕ್ಕೂ ಅದಕ್ಕೂ 18,000 ಅಂತರ. ಅಷ್ಟಕ್ಕಾಗಿ ಹಳೆಯದರ ಅಪಾಯ ಹೊರುವುದು ಯಾರಿಗೂ ಲಾಭವಲ್ಲ.

ಇಷ್ಟೆಲ್ಲ ಪರೀಕ್ಷೆಯಲ್ಲಿ ಗೆದ್ದ ಯಂತ್ರವನ್ನೂ ಎರಡು ಕಾರಣಕ್ಕೆ ಬಿಟ್ಟು ಬರಬೇಕಾಗುತ್ತದೆ.

ಮೊದಲನೆಯದು, ಅದು ಹಿಂದೆ ಏನನ್ನು ಪುಡಿ ಮಾಡುತ್ತಿತ್ತು ಎಂಬುದು. ಪಲ್ವರೈಸರು ಮೆಣಸಿನಕಾಯಿಗೆ ಮಾತ್ರವಲ್ಲ. ಬಣ್ಣದ ಪುಡಿಗೂ ಬಳಸುತ್ತಾರೆ, ಸೋಪಿನ ಪುಡಿಗೂ ಬಳಸುತ್ತಾರೆ, ರಾಸಾಯನಿಕಕ್ಕೂ ಬಳಸುತ್ತಾರೆ. ಅಂಥ ಯಂತ್ರವನ್ನು ಎಷ್ಟು ತೊಳೆದರೂ ಆಹಾರಕ್ಕೆ ತರಬಾರದು. ಬೆಸುಗೆಯ ಸಂದಿನಲ್ಲಿ, ಬೋಲ್ಟಿನ ತಲೆಯ ಕೆಳಗೆ, ಗಾಳಿ ಹೋಗುವ ಕೊಳವೆಯಲ್ಲಿ ಅದು ಕುಳಿತೇ ಇರುತ್ತದೆ. ಗುರುತಿಸುವುದು ಹೇಗೆ? ಒಂದೆರಡು ಬೋಲ್ಟು ಬಿಚ್ಚಿ ಕೆಳಗೆ ಕೆರೆದು ನೋಡಿ. ಮಸಾಲೆಯದಲ್ಲದ ಬಣ್ಣ, ಬಿಳಿಯ ಪದರ, ಔಷಧದ ವಾಸನೆ ಇದ್ದರೆ ತಿಳಿಯುತ್ತದೆ. ಅದಕ್ಕಿಂತ ಭದ್ರವಾದದ್ದು, ಮಾರುವವನ ಆಹಾರ ಪರವಾನಗಿ ಕೇಳುವುದು. ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆ 14 ಅಂಕಿಗಳದು. ಮಸಾಲೆ ಮಾಡುತ್ತಿದ್ದವನ ಹತ್ತಿರ ಅದು ಇದ್ದೇ ಇರಬೇಕು. ದಲ್ಲಾಳಿಯ ಮೂಲಕ ಬಂದು, ಮೊದಲ ಮಾಲೀಕ ಯಾರೆಂದೇ ತಿಳಿಯದ ಯಂತ್ರವಾದರೆ ಬೆಲೆ ಎಷ್ಟೇ ಇರಲಿ, ಬೇಡ.

ಯಂತ್ರದ ಲೋಹವನ್ನೂ ಇದರ ಜೊತೆಯಲ್ಲೇ ನೋಡಿ. 2006ರ ಆಹಾರ ಸುರಕ್ಷತಾ ಕಾಯಿದೆಯ ಕೆಳಗೆ 2011ರಲ್ಲಿ ಬಂದ ನಿಯಮಗಳು ಆಹಾರ ತಾಗುವ ಭಾಗ ತುಕ್ಕು ಹಿಡಿಯದಂಥದಾಗಿರಬೇಕು, ತೊಳೆಯಲು ಬರುವಂತಿರಬೇಕು ಎನ್ನುತ್ತವೆ. ಕೋಣೆಯೊಳಗೆ ಬಣ್ಣ ಬಳಿದಿದ್ದರೆ ಕೆಳಗೆ ಸಾದಾ ಕಬ್ಬಿಣವಿದೆ. ಅಯಸ್ಕಾಂತ ಬಿಗಿಯಾಗಿ ಹಿಡಿದರೂ ಸಾದಾ ಕಬ್ಬಿಣವೇ ಇರಬಹುದು. ಆದರೆ ಹಿಡಿಯಲಿಲ್ಲ ಎಂದ ಮಾತ್ರಕ್ಕೆ ಉತ್ತಮ ದರ್ಜೆಯ ಸ್ಟೀಲು ಎಂದು ನಂಬಬೇಡಿ. 202 ಎಂಬ ಅಗ್ಗದ ಸ್ಟೀಲಿಗೂ ಅಯಸ್ಕಾಂತ ಹಿಡಿಯುವುದಿಲ್ಲ, 304 ಎಂಬ ಒಳ್ಳೆಯದಕ್ಕೂ ಹಿಡಿಯುವುದಿಲ್ಲ. ಇವೆರಡನ್ನೂ ಬೇರ್ಪಡಿಸಲು ಸ್ಟೀಲಿನ ಅಂಗಡಿಗಳಲ್ಲಿ ಪರೀಕ್ಷೆಯ ದ್ರಾವಣ ಸಿಗುತ್ತದೆ. ಒಂದು ಹನಿ ಹಾಕಿದರೆ ಬಣ್ಣದಿಂದ ತಿಳಿಯುತ್ತದೆ. ಉಪ್ಪು ಬೆರೆಸಿದ ಮಸಾಲೆ ಮಾಡುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ.

ಬಿಟ್ಟು ಬರಬೇಕಾದ ಎರಡನೆಯ ಕಾರಣ ಕಾಗದದಲ್ಲಿದೆ. ಅನೇಕ ಯಂತ್ರಗಳು ಬ್ಯಾಂಕಿನ ಸಾಲದಿಂದ ಕೊಂಡವು. ಸಾಲ ತೀರುವ ತನಕ ಅವುಗಳ ಮೇಲೆ ಬ್ಯಾಂಕಿನ ಹಕ್ಕಿರುತ್ತದೆ. ಉದ್ದಿಮೆ ಮುಳುಗಿದವನು ಕೈಗೆ ಸಿಕ್ಕಿದ ಬೆಲೆಗೆ ಯಂತ್ರ ಮಾರಿ ಹೋಗುತ್ತಾನೆ, ಆಮೇಲೆ ಬ್ಯಾಂಕಿನವರು ನಮ್ಮ ಶೆಡ್ಡಿಗೆ ಬರುತ್ತಾರೆ. ಆದ್ದರಿಂದ ಮೊದಲು ಕೊಂಡಾಗಿನ ಬಿಲ್ಲಿನ ಪ್ರತಿ, ಸಾಲವಿದ್ದಿದ್ದರೆ ಬಾಕಿಯಿಲ್ಲ ಎಂಬ ಬ್ಯಾಂಕಿನ ಪತ್ರ, ನಮಗೆ ಮಾರಿದ್ದಕ್ಕೆ ಯಂತ್ರದ ನಂಬರು ಬರೆದ ರಸೀದಿ, ಈ ಮೂರು ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ.

ಈಗ ಹೊಸದರ ಕಡೆಯ ಒಂದು ದೊಡ್ಡ ಅನುಕೂಲವನ್ನು ಹೇಳಬೇಕು. ಸಣ್ಣ ಆಹಾರ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಪಿ.ಎಂ.ಎಫ್.ಎಂ.ಇ. ಎಂಬ ಯೋಜನೆ ತಂದಿತು. ಬ್ಯಾಂಕಿನ ಸಾಲದ ಜೊತೆಯಲ್ಲಿ ಯೋಜನಾ ವೆಚ್ಚದ ನೂರಕ್ಕೆ 35ರಷ್ಟು ಸಹಾಯಧನ. ಅದರ ಮೇಲೆ ಕರ್ನಾಟಕ ಸರ್ಕಾರ ನೂರಕ್ಕೆ 15 ಸೇರಿಸಿತು. ನಮ್ಮ 1,25,000ದ ಯಂತ್ರಕ್ಕೆ ಅದನ್ನು ಹಚ್ಚಿದರೆ 62,500 ನಮ್ಮ ಪಾಲಿಗೆ ಉಳಿಯುತ್ತದೆ. ರಿಪೇರಿ ಮಾಡಿಸಿದ ಹಳೆಯದು 85,000. ಹೊಸದೇ ಅಗ್ಗವಾಯಿತು! ಆದರೆ ಈ ದಾರಿಯಲ್ಲಿ ಬ್ಯಾಂಕು ಕೇಳುವುದು ಹೊಸ ಯಂತ್ರದ ದರಪಟ್ಟಿಯನ್ನು. ಶೆಡ್ಡಿನಲ್ಲಿ ಕೈಯಿಂದ ಕೈಗೆ ಕೊಂಡ ಹಳೆಯ ಯಂತ್ರ ಅದರೊಳಗೆ ಬರುವುದಿಲ್ಲ. ಸಹಾಯಧನ ಮೊದಲ ದಿನವೇ ಕೈಗೆ ಬರುವ ಹಣವೂ ಅಲ್ಲ. ಅದು ಬ್ಯಾಂಕಿನಲ್ಲಿ ಮೂರು ವರ್ಷ ಇದ್ದು, ಕಂತು ಸರಿಯಾಗಿ ಕಟ್ಟಿದವರ ಸಾಲಕ್ಕೆ ಆಮೇಲೆ ಹೊಂದುತ್ತದೆ. ಕಂತು ತಪ್ಪಿಸಿದವರಿಗೆ ಆ ಲಾಭವಿಲ್ಲ. ಆದ್ದರಿಂದ ಹಳೆಯ ಯಂತ್ರಕ್ಕೆ ಮುಂಗಡ ಕೊಡುವ ಮೊದಲು, ಇಂಥ ಯೋಜನೆ ಆ ಹೊತ್ತಿಗೆ ತೆರೆದಿದೆಯೇ ಎಂದು ಜಿಲ್ಲೆಯ ಕೃಷಿ ಇಲಾಖೆಯಲ್ಲೂ ಬ್ಯಾಂಕಿನಲ್ಲೂ ಕೇಳಿಬನ್ನಿ. ಹೊಸದರ ಬೆಲೆ ಹೋಲಿಸುವುದಕ್ಕೆ ದೂರ ಅಲೆಯಬೇಕಾಗಿಲ್ಲ, ಹೆಬ್ಬಾಳದಾಚೆ ಜಿ.ಕೆ.ವಿ.ಕೆ.ಯಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಯುವ ಕೃಷಿಮೇಳಕ್ಕೆ ಯಂತ್ರ ಮಾಡುವವರೂ ಬಂದು ಮಳಿಗೆ ಹಾಕುತ್ತಾರೆ.

ಎಲ್ಲವನ್ನೂ ಹೊಸದಾಗಿಯೇ ಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಹುರಿಯುವ ಡ್ರಮ್ಮು ನಿಧಾನವಾಗಿ ತಿರುಗುವ ಯಂತ್ರ. ದಪ್ಪ ತಗಡು ಒಳಗೆ ತುಕ್ಕಿಲ್ಲದೆ ಇದ್ದರೆ ಹಳೆಯದು ಧಾರಾಳವಾಗಿ ಸಾಕು. ಸ್ಟೀಲಿನ ಮೇಜು, ಕಪಾಟು, ಪಾತ್ರೆಗಳನ್ನು ಮುಚ್ಚಿದ ಹೋಟೆಲುಗಳಿಂದ ಅರ್ಧ ಬೆಲೆಗೆ ತರಬಹುದು. ತೂಕದ ಯಂತ್ರ ಹಳೆಯದಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಚಾಲ್ತಿಯಲ್ಲಿದೆಯೇ ನೋಡಿ. ಆದರೆ ತಾನಾಗಿಯೇ ಪೊಟ್ಟಣ ಕಟ್ಟುವ ಯಂತ್ರವನ್ನು ಮಾತ್ರ ಹಳೆಯದಾಗಿ ತರಬೇಡಿ. ಅದರ ಪ್ರಾಣ ಇರುವುದು ಎಲೆಕ್ಟ್ರಾನಿಕ್ ಹಲಗೆಯಲ್ಲಿ. ಅದು ಸುಟ್ಟರೆ, ಹಳೆಯ ಮಾದರಿಯ ಹಲಗೆ ಸಿಗದಿದ್ದರೆ, ಇಡೀ ಯಂತ್ರ ಮೂಲೆಗೆ ಬೀಳುತ್ತದೆ. ದಿನಕ್ಕೆ 100 ಕಿಲೋ ಆಗುವ ತನಕ ಕೈಯಿಂದ ತುಂಬಿ ಸಣ್ಣ ಹೊಸ ಸೀಲಿಂಗ್ ಯಂತ್ರದಲ್ಲಿ ಅಂಟಿಸುವುದೇ ಲೇಸು.

ದುಡಿಯುವವರ ಕಡೆಯಿಂದ ಇನ್ನೊಂದು ಮಾತು. ಹಳೆಯ ಯಂತ್ರಗಳು ಬೆಲ್ಟಿನ ಮೇಲಿನ ಕಾವಲು ಜಾಲರಿಯಿಲ್ಲದೆ ಬರುತ್ತವೆ. ರಿಪೇರಿ ಮಾಡುವಾಗ ಒಮ್ಮೆ ಬಿಚ್ಚಿದ್ದು ಮತ್ತೆ ಹಾಕಿರುವುದಿಲ್ಲ. ಕಾಯಿ ಸುರಿಯುವ ಬಾಯಿಯನ್ನು ಕೆಲಸ ಬೇಗ ಆಗಲೆಂದು ಅಗಲ ಮಾಡಿರುತ್ತಾರೆ. ಅಲ್ಲಿ ಕೈ ಒಳಗೆ ಹೋಗುತ್ತದೆ. ಗಿರಣಿಯಲ್ಲಿ ದುಡಿದವರಿಗೆ ಬೆಲ್ಟು ಏನು ಮಾಡುತ್ತದೆಂದು ನಾವು ಹೇಳಬೇಕಾಗಿಲ್ಲ. ಇಲ್ಲಿ ಯಂತ್ರದ ಮುಂದೆ ನಿಲ್ಲುವವರು ನಮ್ಮ ಮನೆಯ ಹೆಂಗಸರು, ನೆರೆಯ ಹುಡುಗರು. ಸೆರಗು, ದುಪ್ಪಟ ಬೆಲ್ಟಿನ ಪಕ್ಕದಲ್ಲೇ ಇರುತ್ತದೆ. ನಮ್ಮ ಲೆಕ್ಕದಲ್ಲಿ ಹಾಕಿದ 6,000ದಲ್ಲಿ ಸ್ಟಾರ್ಟರಿನ ಜೊತೆ ಕಾವಲು ಜಾಲರಿಯೂ ಇದೆ. ಹಣ ಸಾಲದು ಎಂದಾಗ ಮೊದಲು ಬಿಟ್ಟುಹೋಗುವುದು ಅದೇ. ಅದನ್ನು ಬಿಡಬೇಡಿ. ಆರ್.ಟಿ. ನಗರದಂಥ ಮನೆಗಳ ನಡುವೆ ಈ ಯಂತ್ರ ಹೂಡುವ ಯೋಚನೆಯೂ ಬೇಡ. ಸದ್ದಿಗೂ ಖಾರದ ಧೂಳಿಗೂ ನೆರೆಯವರು ಸುಮ್ಮನಿರುವುದಿಲ್ಲ, ಸುಮ್ಮನಿರಬೇಕಾಗಿಯೂ ಇಲ್ಲ.

ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋ ಮಾತ್ರ ಮಾರುವವರು ಏನು ಮಾಡಬೇಕು ಎಂದು ಕೇಳಬಹುದು. ಅವರಿಗೆ ಹಳೆಯದೂ ಬೇಡ, ಹೊಸದೂ ಬೇಡ. ಮಸಾಲೆಯನ್ನೇ ಬೀಸುವ, ಚೊಕ್ಕಟವಾದ ಒಂದು ಗಿರಣಿಯಲ್ಲಿ ಕಿಲೋಗೆ ಇಷ್ಟು ಎಂದು ಕೂಲಿ ಕೊಟ್ಟು ಮಾಡಿಸಲಿ. ಆ ಕೂಲಿಯ ತಿಂಗಳ ಮೊತ್ತ, ಸ್ವಂತ ಯಂತ್ರದ ಕಂತು, ಕರೆಂಟು, ಶೆಡ್ಡಿನ ಬಾಡಿಗೆ ಇವೆಲ್ಲವನ್ನೂ ಮೀರಿದ ತಿಂಗಳು ಯಂತ್ರದ ಮಾತು ಎತ್ತಿದರೆ ಸಾಕು.

ಹೊರಡುವ ಮೊದಲು ಇಷ್ಟನ್ನು ಗಂಟು ಕಟ್ಟಿಕೊಳ್ಳಿ. ಹಳೆಯ ಯಂತ್ರ ನೋಡಲು ಹೋಗುವಾಗ ಜೊತೆಯಲ್ಲಿ ಒಬ್ಬ ಫಿಟ್ಟರಿರಲಿ, ಒಬ್ಬ ಎಲೆಕ್ಟ್ರಿಷಿಯನ್ ಇರಲಿ. ಯಲಹಂಕದಿಂದ ಜಾಲಹಳ್ಳಿಯವರೆಗೆ ನಮ್ಮ ಬೀದಿಗಳಲ್ಲಿ ನಿವೃತ್ತರಾದ ಫಿಟ್ಟರುಗಳಿಗೆ ಬರವಿಲ್ಲ. ಚೀಲದಲ್ಲಿ 20 ಕಿಲೋ ಮೆಣಸಿನಕಾಯಿ, ಒಂದು ತಕ್ಕಡಿ, ಒಂದು ಥರ್ಮಾಮೀಟರು, ಒಂದು ಅಯಸ್ಕಾಂತ ಇರಲಿ. ಜೇಬಿನಲ್ಲಿ ಹಣವನ್ನು ಮಾತ್ರ ಆ ದಿನ ಒಯ್ಯಬೇಡಿ. ಅರ್ಧ ಗಂಟೆಯಲ್ಲಿ 20 ಕಿಲೋ ತಣ್ಣಗೆ ಇಳಿಸಿ, ಕಾಗದ ಮೂರನ್ನೂ ತೋರಿಸಿದ ಯಂತ್ರಕ್ಕೆ ಮರುದಿನ ಹೋಗಿ ಹಣ ಕೊಡಿ. "ಈಗಲೇ ಕೊಡದಿದ್ದರೆ ಇನ್ನೊಬ್ಬರಿಗೆ ಹೋಗುತ್ತದೆ" ಎಂದು ಅವಸರ ಮಾಡುವವನ ಯಂತ್ರ ಆ ಇನ್ನೊಬ್ಬರಿಗೇ ಹೋಗಲಿ.